ಬಲಿಯನ್ನು ವರ್ಷಕ್ಕೆ ಎಷ್ಟು ಸಲ ತುಳಿಯೋದು? ಒಂದು ಪ್ರವಚನಮಾಲೆಯ ಲೆಕ್ಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ, ಎಂದಿನಂತೆ, ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಈ ಸಲ ಪ್ರವಚನ ಅಲ್ಲ, ಪ್ರವಚನದ ಹಿಂದಿನ ಅಡುಗೆಮನೆ. ಮಾರ್ಚ್ 19ಕ್ಕೆ ಯುಗಾದಿ, ಪರಾಭವ ಸಂವತ್ಸರ ಶುರು. ಆ ವರ್ಷಪೂರ್ತಿ ಕೊಚ್ಚಿ ಮತ್ತು ತಿರುವನಂತಪುರದ ನಮ್ಮ ಭಾನುವಾರದ ಪ್ರವಚನಗಳನ್ನು ಹೇಗೆ ಜೋಡಿಸಿದೆವು ಅಂತ ಹೇಳ್ತೀನಿ. ನಿಮ್ಮ ಊರಲ್ಲೂ ಇಂಥ ಸಣ್ಣ ಕನ್ನಡ ಗುಂಪು ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ತಪ್ಪೊಪ್ಪಿಗೆ. ಕಳೆದ ವರ್ಷ ನಾವು ಬಲಿಚಕ್ರವರ್ತಿಯನ್ನು ಎಂಟು ವಾರದೊಳಗೆ ಮೂರು ಸಲ ಪಾತಾಳಕ್ಕೆ ಕಳಿಸಿದೆವು. 2025ರ ಆಗಸ್ಟ್ 31ಕ್ಕೆ ಕೊಚ್ಚಿಯಲ್ಲಿ, ಓಣಂ ಬರ್ತಿದೆ ಅಂತ ಬಲಿಯ ಕಥೆ. ಸೆಪ್ಟೆಂಬರ್ 7ಕ್ಕೆ ತಿರುವನಂತಪುರದಲ್ಲಿ, ವಾಮನ ಜಯಂತಿ ಈಗಷ್ಟೇ ಮುಗೀತು ಅಂತ ವಾಮನನ ಕಥೆ. ಅಕ್ಟೋಬರ್ 19ಕ್ಕೆ ಮತ್ತೆ ಕೊಚ್ಚಿಯಲ್ಲಿ, ಬಲಿಪಾಡ್ಯಮಿ ಬಂತಲ್ಲ ಅಂತ ಅದೇ ಕಥೆ. ಮೂರನೇ ಸಲ ಮೇಷ್ಟ್ರು "ಮೂರನೇ ಹೆಜ್ಜೆ ಎಲ್ಲಿಡಲಿ" ಅನ್ನೋ ಜಾಗಕ್ಕೆ ಬಂದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಒಂಬತ್ತು ವರ್ಷದ ಹುಡುಗಿ ಅಮ್ಮನ ಕಿವಿಯಲ್ಲಿ ಹೇಳಿದ್ದು ಇಡೀ ಹಾಲ್‌ಗೆ ಕೇಳಿಸಿತು: "ಅಮ್ಮ, ತಲೆ ಮೇಲೆ ಅಂತ ಅಜ್ಜಂಗೆ ಇನ್ನೂ ನೆನಪಾಗಿಲ್ವಾ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಆಮೇಲಿನ ಎರಡು ಭಾನುವಾರ ನಲವತ್ತು ಕುರ್ಚಿಯಲ್ಲಿ ಹದಿನೆಂಟು ಖಾಲಿ. ನಮ್ಮ ಗುಂಪಿನ ಸುಮಾರು ಹನ್ನೆರಡು ಮಕ್ಕಳು ಇಲ್ಲೇ ಹುಟ್ಟಿದವರು. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಮಲಯಾಳಂ. ಮನೆಯಲ್ಲಿ "ಊಟ ಮಾಡು, ಹೋಂವರ್ಕ್ ಮಾಡು" ಅನ್ನೋದು ಬಿಟ್ಟರೆ ಉದ್ದುದ್ದ ಕನ್ನಡ ವಾಕ್ಯ ಅವರ ಕಿವಿಗೆ ಬೀಳೋದು ವಾರಕ್ಕೆ ಈ ಒಂದು ಗಂಟೆ ಮಾತ್ರ. ಅವರು ಬರೋದು ಬಿಟ್ಟರೆ ಅಷ್ಟೂ ಹೋಯ್ತು.

ತಪ್ಪು ಮೇಷ್ಟ್ರದಲ್ಲ

ನಮ್ಮ ಮೇಷ್ಟ್ರು ಪುತ್ತೂರು ಕಡೆಯವರು, ನಿವೃತ್ತ ಕನ್ನಡ ಅಧ್ಯಾಪಕರು. ಈಗ ಮಗಳ ಮನೆಯಲ್ಲಿ, ಕಳಕೂಟ್ಟಂನಲ್ಲಿ, ಟೆಕ್ನೋಪಾರ್ಕ್ ಪಕ್ಕ ಇದ್ದಾರೆ. ಒಂದು ಭಾನುವಾರ ಅಲ್ಲೇ ಮಾತಾಡ್ತಾರೆ, ಮುಂದಿನ ಭಾನುವಾರ ರೈಲು ಹತ್ತಿ ಕೊಚ್ಚಿಗೆ ಬರ್ತಾರೆ. ಮೊದಲು ಒಂದೇ ವಿಷಯವನ್ನು ಎರಡೂ ಊರಲ್ಲಿ ಹೇಳ್ತಿದ್ದರು, ಯಾರಿಗೂ ತೊಂದರೆ ಇರಲಿಲ್ಲ. ಅಲ್ಲಿ ಕೇಳಿದವರು ಬೇರೆ, ಇಲ್ಲಿ ಕೇಳಿದವರು ಬೇರೆ.

ಯಾವಾಗ ನಾವು ಚಾನೆಲ್ ಶುರು ಮಾಡಿ ಒಂದು ಊರಿನ ಪ್ರವಚನವನ್ನು ಇನ್ನೊಂದು ಊರಿನ ಹಾಲ್‌ನಲ್ಲಿ ಪರದೆ ಮೇಲೆ ತೋರಿಸೋಕೆ ಹಿಡಿದೆವೋ, ಆಗ ಲೆಕ್ಕ ಬದಲಾಯಿತು. ಈಗ ಎಲ್ಲರೂ ಎಲ್ಲವನ್ನೂ ಕೇಳ್ತಾರೆ. ಮೇಷ್ಟ್ರು ತಿಂಗಳಿಗೆ ಎರಡು ವಿಷಯ ತಯಾರಿ ಮಾಡಿದರೆ ಸಾಕಿತ್ತು, ಈಗ ನಾಲ್ಕೈದು ಬೇಕು. ಇದನ್ನು ನಾವು ಅವರಿಗೆ ಹೇಳಲೇ ಇಲ್ಲ. ಪುನರಾವರ್ತನೆ ಅನ್ನೋದನ್ನು ಹೇಳುವವನ ಕಡೆಯಿಂದ ಅಳೆಯೋಕೆ ಆಗಲ್ಲ, ಕೇಳುವವನ ಕಡೆಯಿಂದಲೇ ಅಳೆಯಬೇಕು. ನಿಮ್ಮಲ್ಲೂ ರೆಕಾರ್ಡಿಂಗ್ ಶುರುವಾಗಿದ್ದರೆ ಮೊದಲು ಈ ಲೆಕ್ಕ ಹಾಕಿ.

ಇನ್ನೊಂದು ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡ್ತೀನಿ. ಸತ್ಯನಾರಾಯಣ ಕಥೆ ಪ್ರತಿ ಸಲವೂ ಅದೇ, ಯಾರೂ ಬೇಜಾರು ಅನ್ನಲ್ಲ. ಯಾಕಂದ್ರೆ ಅದು ವ್ರತದ ಅಂಗ. ಪಾರಾಯಣದಲ್ಲಿ ಪುನರಾವರ್ತನೆಯೇ ಉದ್ದೇಶ. ಪ್ರವಚನಕ್ಕೆ ಕೂತವನು ಮಾತ್ರ "ಇವತ್ತು ಏನು ಹೊಸದು ತಿಳೀತು" ಅಂತ ಕೇಳಿಕೊಂಡು ಎದ್ದು ಹೋಗ್ತಾನೆ. ಹಾಗಾಗಿ ಕೆಳಗಿನದ್ದೆಲ್ಲ ಪ್ರವಚನಕ್ಕೆ ಮಾತ್ರ. ಪಾರಾಯಣಕ್ಕೆ, ಭಜನೆಗೆ ಇದನ್ನು ಹಚ್ಚಬೇಡಿ.

ಕಳೆದ ವರ್ಷದ ಪಟ್ಟಿ ಈ ವರ್ಷಕ್ಕೆ ಯಾಕೆ ಬರಲ್ಲ

ನನ್ನ ಮೊದಲ ಯೋಚನೆ ಎಂಜಿನಿಯರ್ ಯೋಚನೆ. ಕಳೆದ ವರ್ಷದ ಹಬ್ಬಗಳ ಪಟ್ಟಿ ಕಾಪಿ ಮಾಡಿ, ಹತ್ತೋ ಹನ್ನೊಂದೋ ದಿನ ಹಿಂದಕ್ಕೆ ಜರುಗಿಸಿದರೆ ಆಯ್ತು ಅಂದುಕೊಂಡೆ. ಕೇರಳದಲ್ಲಿ ಕೂತು ಇದು ನಡೆಯಲ್ಲ. ಇಲ್ಲಿ ಎರಡು ಗಡಿಯಾರ ಒಟ್ಟಿಗೆ ಓಡ್ತವೆ.

ನಮ್ಮ ಕನ್ನಡ ಪಂಚಾಂಗದ ಬಹುಪಾಲು ಹಬ್ಬಗಳು ಚಾಂದ್ರಮಾನದವು, ತಿಥಿಗೆ ಕಟ್ಟಿದವು. ವಾಮನ ಜಯಂತಿ ಅಂದ್ರೆ ಭಾದ್ರಪದ ಶುಕ್ಲ ದ್ವಾದಶಿ. ಬಲಿಪಾಡ್ಯಮಿ ಅಂದ್ರೆ ಕಾರ್ತಿಕ ಶುಕ್ಲ ಪಾಡ್ಯ. ಆದರೆ ಮಲಯಾಳಿಗಳ ಕೊಲ್ಲವರ್ಷ ಸೌರಮಾನ. ಚಿಂಗಂ ತಿಂಗಳು, ಅಂದ್ರೆ ನಮ್ಮ ಸಿಂಹ ಮಾಸ. ಅದರಲ್ಲಿ ತಿರುವೋಣಂ, ಅಂದ್ರೆ ಶ್ರವಣ ನಕ್ಷತ್ರ ಬಂದ ದಿನ ಓಣಂ. ಅಲ್ಲಿ ತಿಥಿಯ ಮಾತೇ ಇಲ್ಲ.

ಇದರ ಪರಿಣಾಮ ನೋಡಿ. 2025ರಲ್ಲಿ ವಾಮನ ಜಯಂತಿ ಸೆಪ್ಟೆಂಬರ್ 4ಕ್ಕೆ, ಓಣಂ ಸೆಪ್ಟೆಂಬರ್ 5ಕ್ಕೆ. ಒಂದೇ ದಿನದ ಅಂತರ. 2026ರಲ್ಲಿ ಓಣಂ ಆಗಸ್ಟ್ 26ಕ್ಕೆ, ವಾಮನ ಜಯಂತಿ ಸೆಪ್ಟೆಂಬರ್ 23ಕ್ಕೆ. ನಾಲ್ಕು ವಾರದ ಅಂತರ. ಒಂದು ಹತ್ತು ದಿನ ಹಿಂದೆ ಬಂತು, ಇನ್ನೊಂದು ಹತ್ತೊಂಬತ್ತು ದಿನ ಮುಂದೆ ಹೋಯ್ತು.

ಕಾರಣ ಸರಳ. ಚಂದ್ರ ನಕ್ಷತ್ರಗಳನ್ನು ಒಂದು ಸುತ್ತು ಹಾಕೋಕೆ ಸುಮಾರು 27.3 ದಿನ. ಅಂಥ ಹದಿಮೂರು ಸುತ್ತಿಗೆ 355 ದಿನ. ಹಾಗಾಗಿ ಅದೇ ಶ್ರವಣ ನಕ್ಷತ್ರ ಮುಂದಿನ ವರ್ಷ ಹತ್ತು ದಿನ ಮೊದಲೇ ಬರುತ್ತೆ. ತಿಥಿಯ ಲೆಕ್ಕದಲ್ಲಿ ಹನ್ನೆರಡು ಚಾಂದ್ರಮಾಸಕ್ಕೆ 354 ದಿನ, ಅದೂ ಹನ್ನೊಂದು ದಿನ ಹಿಂದೆ ಬರಬೇಕಿತ್ತು. ಆದರೆ ಈ ವರ್ಷ ಮಧ್ಯದಲ್ಲಿ ಅಧಿಕಮಾಸ ಇದೆ. ಹಿಂದೆ ಬರಬೇಕಾದ ಹನ್ನೊಂದಕ್ಕೆ ಮೂವತ್ತು ಸೇರಿ ಹತ್ತೊಂಬತ್ತು ದಿನ ಮುಂದೆ ಹೋಯ್ತು. ಅಧಿಕಮಾಸ ಇಲ್ಲದ ವರ್ಷದ ಪಟ್ಟಿಯನ್ನು ಇದ್ದ ವರ್ಷಕ್ಕೆ ಕಾಪಿ ಮಾಡಿದರೆ ತಪ್ಪೋದು ಹೀಗೆ.

ಆದ್ದರಿಂದ ಪಟ್ಟಿ ಮಾಡುವಾಗ ತಾರೀಕನ್ನು ಕಾಪಿ ಮಾಡಬೇಡಿ, ನಿಯಮವನ್ನು ಬರೆಯಿರಿ. ಒಂದು ಕಾಲಂನಲ್ಲಿ "ಭಾದ್ರಪದ ಶುಕ್ಲ ದ್ವಾದಶಿ", ಪಕ್ಕದ ಕಾಲಂನಲ್ಲಿ ಆ ವರ್ಷದ ತಾರೀಕು. ತಾರೀಕನ್ನು ಪ್ರತಿ ವರ್ಷ ಪಂಚಾಂಗ ನೋಡಿ ಹೊಸದಾಗಿ ತುಂಬಬೇಕು. ಮಲಯಾಳಂ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ರಜೆ ಕೊಡೋದು ಅದನ್ನು ನೋಡಿ.

55 ಭಾನುವಾರ

ಈಗ ಪಾತ್ರೆಯ ಅಳತೆ. 2026ರ ಮಾರ್ಚ್ 19ರಿಂದ ಮುಂದಿನ ಯುಗಾದಿಯ ಹಿಂದಿನ ದಿನ, 2027ರ ಏಪ್ರಿಲ್ 6ರವರೆಗೆ ಎಣಿಸಿದರೆ 55 ಭಾನುವಾರ ಸಿಗ್ತವೆ. ಅಧಿಕಮಾಸ ಇಲ್ಲದ ವರ್ಷದಲ್ಲಿ ಐವತ್ತೋ ಐವತ್ತೊಂದೋ. ನಾನು ಮೊದಲು ಮಾಡಿದ ಪಟ್ಟಿಯಲ್ಲಿ 52 ಸಾಲು ಇತ್ತು, ಇಂಗ್ಲಿಷ್ ವರ್ಷದ ಅಭ್ಯಾಸ. ಅದು ಯಾವ ಸಂವತ್ಸರಕ್ಕೂ ಸರಿಹೊಂದಲ್ಲ.

ಇದೇ ಸಮಸ್ಯೆಯನ್ನು ಬಹಳ ಹಿಂದೆಯೇ ಬಿಡಿಸಿಟ್ಟವರ ಗುರುತು ಕೊಚ್ಚಿಯಲ್ಲೇ ಇದೆ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ 1568ರಲ್ಲಿ ಕಟ್ಟಿದ್ದು, ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಯಹೂದಿಗಳು ತಮ್ಮ ತೋರಾ ಗ್ರಂಥವನ್ನು ವರ್ಷಕ್ಕೊಮ್ಮೆ ಪೂರ್ತಿ ಓದಿ ಮುಗಿಸ್ತಾರೆ, ವಾರಕ್ಕೊಂದು ಭಾಗ. ಅವರದ್ದೂ ಚಂದ್ರನ ತಿಂಗಳು, ಅವರಿಗೂ ಕೆಲವು ವರ್ಷ ಹದಿಮೂರನೇ ತಿಂಗಳು ಬರುತ್ತೆ. ಅವರು ಗ್ರಂಥವನ್ನು 54 ಭಾಗ ಮಾಡಿದ್ದಾರೆ. ಅಂದ್ರೆ ಉದ್ದದ ವರ್ಷಕ್ಕೆ ಬೇಕಾಗುವಷ್ಟು. ಗಿಡ್ಡ ವರ್ಷ ಬಂದಾಗ ಯಾವ ಎರಡು ಭಾಗಗಳನ್ನು ಸೇರಿಸಿ ಒಂದೇ ವಾರ ಓದಬೇಕು ಅನ್ನೋದೂ ಮೊದಲೇ ಗೊತ್ತುಮಾಡಿದ್ದು. ಕೊನೆಯ ಗಳಿಗೆಯಲ್ಲಿ ತಲೆ ಕೆರೆದುಕೊಳ್ಳೋ ಪ್ರಶ್ನೆಯಿಲ್ಲ.

ನಾವೂ ಹಾಗೇ ಉದ್ದದ ವರ್ಷಕ್ಕೆ ಪಟ್ಟಿ ಮಾಡಿ, ಬೇಕಾದಾಗ ಕಳಚಬಹುದಾದ ಒಂದು ತುಂಡನ್ನು ಅದರಲ್ಲಿ ಇಟ್ಟೆವು. ಈ ವರ್ಷ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಮೇ 17 ಭಾನುವಾರವೇ. ಹಾಗಾಗಿ ಆ ತಿಂಗಳಲ್ಲಿ ಐದು ಭಾನುವಾರ. ಅಧಿಕಮಾಸದಲ್ಲಿ ಹಬ್ಬ ಇಲ್ಲ, ಮದುವೆ ಮುಂಜಿ ಇಲ್ಲ, ಕ್ಯಾಲೆಂಡರಿನ ಒತ್ತಡವೇ ಇಲ್ಲ. ಅಧಿಕಮಾಸಕ್ಕೆ ಪುರುಷೋತ್ತಮ ಮಾಸ ಅಂತಲೂ ಹೆಸರು. ಭಗವದ್ಗೀತೆಯ ಹದಿನೈದನೇ ಅಧ್ಯಾಯ ಪುರುಷೋತ್ತಮ ಯೋಗ, ಅದರಲ್ಲಿ ಇರೋದು ಇಪ್ಪತ್ತೇ ಶ್ಲೋಕ. ಐದು ಭಾನುವಾರ, ವಾರಕ್ಕೆ ನಾಲ್ಕು ಶ್ಲೋಕ. ಇದನ್ನು ಹೇಳಿದಾಗ ಮೇಷ್ಟ್ರು ಮೊದಲ ಸಲ ನನ್ನ ಸ್ಪ್ರೆಡ್‌ಶೀಟನ್ನು ತಾವಾಗಿ ಹತ್ತಿರ ಎಳೆದುಕೊಂಡು ನೋಡಿದರು.

ಅಧಿಕಮಾಸ ಇಲ್ಲದ ವರ್ಷ ಈ ಐದನ್ನು ಕಳಚಿದರೆ ಉಳಿಯೋದು ಐವತ್ತು. ಮಿಕ್ಕಿದ್ದನ್ನು ಮುಟ್ಟಬೇಕಾಗಿಲ್ಲ.

ಆ ಐವತ್ತನ್ನು ಹೀಗೆ ಹಂಚಿದೆವು: ಹಬ್ಬ, ಜಯಂತಿಗಳಿಗೆ ಹದಿನೇಳು. ಒಂದೇ ಗ್ರಂಥವನ್ನು ಕಂತುಕಂತಾಗಿ ಹೇಳೋಕೆ ಹದಿನಾರು. ಯಾವ ವಾರಕ್ಕಾದರೂ ಹೊಂದುವ ಬಿಡಿ ವಿಷಯ ಹನ್ನೊಂದು. ಖಾಲಿ ಆರು.

ಖಾಲಿ ಯಾಕೆ ಅಂತ ಕೇಳಬಹುದು. ಮೂರು ಭಾನುವಾರ ಹಾಲ್ ಹೇಗೂ ಖಾಲಿ ಇರುತ್ತೆ ಅಂತ ಈಗಲೇ ಗೊತ್ತು. ಸೆಪ್ಟೆಂಬರ್ 14 ಸೋಮವಾರ ಗಣೇಶ ಚೌತಿ, ಹಿಂದಿನ ದಿನ ಎಲ್ಲರೂ ಬೆಂಗಳೂರು ಮಂಗಳೂರು ಬಸ್ಸು ರೈಲಿನಲ್ಲಿ. ಅಕ್ಟೋಬರ್ 18 ನವರಾತ್ರಿ ಮಧ್ಯೆ, ನವೆಂಬರ್ 8 ದೀಪಾವಳಿ. ಉಳಿದ ಮೂರು ಗೊತ್ತಿಲ್ಲದ್ದಕ್ಕೆ: ಸೂತಕ, ಜ್ವರ, ಮಳೆಗೆ ನಿಂತ ರೈಲು, ಅಥವಾ ಊರಿಂದ ಅಚಾನಕ್ಕಾಗಿ ಬರುವ ಅತಿಥಿ ವಿದ್ವಾಂಸರು. ಕಳೆದ ವರ್ಷ ಖಾಲಿ ಬಿಡದೆ ತುಂಬಿದ್ದೆ. ಒಂದು ವಾರ ತಪ್ಪಿತು, ಮುಂದಿನ ಆರು ವಾರ ಒಂದೊಂದೇ ಜರುಗಿ, ಹಬ್ಬ ಮುಗಿದ ಮೇಲೆ ಹಬ್ಬದ ಪ್ರವಚನ ಬಂತು.

ಗ್ರಂಥದ ಕಂತುಗಳನ್ನು ಎಲ್ಲಿ ಇಡೋದು ಅನ್ನೋದರಲ್ಲಿ ಸಂಪ್ರದಾಯದಿಂದ ಸ್ವಲ್ಪ ಬೇರೆ ದಾರಿ ಹಿಡಿದೆವು. ಮಠಗಳಲ್ಲಿ ಉದ್ದನೆಯ ಪ್ರವಚನ ಚಾತುರ್ಮಾಸ್ಯದಲ್ಲಿ ನಡೆಯುತ್ತೆ. ಯತಿಗಳು ಒಂದೇ ಕಡೆ ನಿಲ್ಲುತ್ತಾರೆ, ಕೇಳುವವರು ದಿನಾ ಬರ್ತಾರೆ, ಎಳೆ ಕಡಿಯಲ್ಲ. ನಮ್ಮಲ್ಲಿ ಅದೇ ನಾಲ್ಕು ತಿಂಗಳು ಜನ ಅತಿ ಹೆಚ್ಚು ಓಡಾಡೋ ಕಾಲ. ಈ ವರ್ಷ ಜುಲೈ 25ರ ಶಯನಿ ಏಕಾದಶಿಯಿಂದ ನವೆಂಬರ್ 20ರ ಉತ್ಥಾನ ಏಕಾದಶಿವರೆಗೆ 17 ಭಾನುವಾರ ಬರ್ತವೆ. ಮೇಲೆ ಹೇಳಿದ ಮೂರೂ ಖಾಲಿ ವಾರ ಅದರೊಳಗೇ. ಅಲ್ಲಿ ಕಂತು ಇಟ್ಟರೆ ಎರಡು ವಾರ ತಪ್ಪಿದವನು ಮೂರನೆಯದಕ್ಕೆ ಬರಲ್ಲ. ಹಾಗಾಗಿ ಚಾತುರ್ಮಾಸ್ಯದಲ್ಲಿ ಒಂದೊಂದೇ ವಾರಕ್ಕೆ ಮುಗಿಯುವ ಹಬ್ಬದ ವಿಷಯ. ಕಂತುಗಳು ನವೆಂಬರ್ 22ರಿಂದ, ಅಲ್ಲಿಂದ ಯುಗಾದಿವರೆಗೆ ಇಪ್ಪತ್ತು ಭಾನುವಾರ ಇವೆ.

ಮೂರು ಬಲಿ, ಮೂರು ಪ್ರಶ್ನೆ

ಈಗ ಮುಖ್ಯ ಭಾಗ. ಹಬ್ಬ ತಪ್ಪಿಸೋಕೆ ಆಗಲ್ಲ, ಬಲಿ ಮೂರು ಸಲ ಬಂದೇ ಬರ್ತಾನೆ. ಹಾಗಾದರೆ ಪುನರಾವರ್ತನೆ ಅಂದ್ರೆ ಏನು?

ತುಂಬಾ ಚರ್ಚೆಯ ನಂತರ ನಾವು ಒಪ್ಪಿಕೊಂಡ ಉತ್ತರ ಇಷ್ಟು. ಕಥೆ ಮತ್ತೆ ಬಂದರೆ ಅದು ಪುನರಾವರ್ತನೆ ಅಲ್ಲ, ಅದೇ ಪ್ರಶ್ನೆ ಮತ್ತೆ ಬಂದರೆ ಪುನರಾವರ್ತನೆ. ಆದ್ದರಿಂದ ಪಟ್ಟಿಯ ಪ್ರತಿ ಸಾಲಿನಲ್ಲೂ ವಿಷಯದ ಹೆಸರು ಬರೆಯೋ ಜಾಗದಲ್ಲಿ ಒಂದು ಪ್ರಶ್ನೆ ಬರೆಯಬೇಕು. "ವಾಮನಾವತಾರ" ಅಂತ ಬರೆಯೋ ಹಾಗಿಲ್ಲ. ಎರಡು ಸಾಲಿನ ಪ್ರಶ್ನೆಗಳನ್ನು ಅದಲು ಬದಲು ಮಾಡಿದರೂ ಪ್ರವಚನ ಹಾಗೇ ನಡೆಯುತ್ತೆ ಅನ್ನೋದಾದರೆ, ಅವೆರಡೂ ಒಂದೇ ಪ್ರವಚನ.

ಆಗಸ್ಟ್ 23, ಓಣಂಗೆ ಮೂರು ದಿನ ಮೊದಲು, ಕೊಚ್ಚಿ. ಪ್ರಶ್ನೆ: ಬಲಿ ಯಾಕೆ ಮರಳಿ ಬರ್ತಾನೆ? ನಮ್ಮ ಇನ್ಫೋಪಾರ್ಕ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತೃಕ್ಕಾಕರ ದೇವಸ್ಥಾನ ಇದೆ. ಅಲ್ಲಿನ ದೇವರು ವಾಮನಮೂರ್ತಿ. ಆದರೆ ಊರಿಗೆ ಊರೇ ಹೂವಿಟ್ಟು ಕಾಯೋದು ಮಹಾಬಲಿಯನ್ನು. ಮನೆ ಮುಂದಿನ ಹೂವಿನ ರಂಗೋಲಿಯಲ್ಲಿ ಮಣ್ಣಿನ ಗೋಪುರದ ಹಾಗೆ ಇಡೋ ಮೂರ್ತಿಗೆ ತೃಕ್ಕಾಕರಪ್ಪನ್ ಅಂತಲೇ ಹೆಸರು. ಗೆದ್ದವನ ಗುಡಿಯಲ್ಲಿ ಸೋತವನ ಹಬ್ಬ. ಭಾಗವತದಲ್ಲಿ ಬಲಿಯ ಯಜ್ಞ ನಡೆಯೋದು ನರ್ಮದೆಯ ಉತ್ತರ ದಡದಲ್ಲಿ, ವರ್ಷಕ್ಕೊಮ್ಮೆ ಕೇರಳಕ್ಕೆ ಮರಳೋ ಮಾತು ಅಲ್ಲಿಲ್ಲ. ಅದು ಈ ನೆಲದ ಜನ ಸೇರಿಸಿದ್ದು, ಯಾಕೆ ಸೇರಿಸಿದರು ಅನ್ನೋದೇ ಅವತ್ತಿನ ಮಾತು. ಪೂರ್ತಿ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳೋದು ವರ್ಷದಲ್ಲಿ ಇದೊಂದೇ ದಿನ.

ಸೆಪ್ಟೆಂಬರ್ 20, ವಾಮನ ಜಯಂತಿಯ ವಾರ, ತಿರುವನಂತಪುರ. ಪ್ರಶ್ನೆ: ಕೊಟ್ಟ ಮಾತಿನಿಂದ ಹಿಂದೆ ಸರಿಯಬಹುದಾ? ಭಾಗವತದ ಎಂಟನೇ ಸ್ಕಂಧದಲ್ಲಿ ಬಲಿಯ ಪ್ರಸಂಗ ಹದಿನೈದರಿಂದ ಇಪ್ಪತ್ಮೂರನೇ ಅಧ್ಯಾಯದವರೆಗೆ ಇದೆ. ನಾವು ತೆಗೆದುಕೊಳ್ಳೋದು ಹತ್ತೊಂಬತ್ತು, ಇಪ್ಪತ್ತು, ಎರಡೇ ಅಧ್ಯಾಯ. ಶುಕ್ರಾಚಾರ್ಯ ಬಲಿಗೆ ಹೇಳ್ತಾನೆ: ಬಂದವನು ವಿಷ್ಣು, ಎಲ್ಲ ಕಳಕೊಳ್ತೀಯ, ಮಾತು ತಪ್ಪು. ಯಾವ್ಯಾವ ಸಂದರ್ಭದಲ್ಲಿ ಸುಳ್ಳು ನಿಂದ್ಯವಲ್ಲ ಅಂತ ಪಟ್ಟಿಯನ್ನೇ ಕೊಡ್ತಾನೆ. ಜೀವನೋಪಾಯಕ್ಕೆ ಕುತ್ತು ಬಂದಾಗ ಅನ್ನೋದೂ ಅದರಲ್ಲಿದೆ. ಆ ವಾದ ದಡ್ಡನದ್ದಲ್ಲ, ಹಿತ ಬಯಸೋ ಗುರುವಿನದ್ದು. ಬಲಿ ಒಪ್ಪಲ್ಲ, ಗುರುವಿನಿಂದಲೇ ಶಾಪ ತಗೊಳ್ತಾನೆ. ಆಫರ್ ಲೆಟರ್‌ಗೆ ಸಹಿ ಹಾಕಿದ ಮೇಲೆ ಇನ್ನೊಂದು ಕಂಪನಿ ಜಾಸ್ತಿ ಕೊಟ್ಟರೆ ಏನು ಮಾಡೋದು ಅಂತ ಯೋಚಿಸಿದ ಪ್ರತಿಯೊಬ್ಬರಿಗೂ ಇದು ತಟ್ಟುತ್ತೆ. ಅವತ್ತು ಮೂರನೇ ಹೆಜ್ಜೆಯ ಸುದ್ದಿಯೇ ಇಲ್ಲ.

ನವೆಂಬರ್ 1, ಬಲಿಪಾಡ್ಯಮಿಗೆ ಒಂಬತ್ತು ದಿನ ಮೊದಲು, ಕೊಚ್ಚಿ. ನವೆಂಬರ್ 8 ಖಾಲಿ ಆದ್ದರಿಂದ ಒಂದು ವಾರ ಮುಂಚೆ. ನವೆಂಬರ್ 1 ರಾಜ್ಯೋತ್ಸವ. ಕೇರಳವೂ ಹುಟ್ಟಿದ್ದು 1956ರ ಅದೇ ದಿನ. ಎರಡನ್ನೂ ಜೋಡಿಸುವ ಪ್ರಶ್ನೆ: ನಮ್ಮ ಮನೆಯಲ್ಲಿ ಬಲೀಂದ್ರನನ್ನು ಹೇಗೆ ಕರೀತಿದ್ದರು? ಅವತ್ತು ಮೇಷ್ಟ್ರು ಮಾತಾಡೋದು ಹದಿನೈದೇ ನಿಮಿಷ. ಕತ್ತಲಾದ ಮೇಲೆ ದೀಪ ಹಿಡಿದು ಗದ್ದೆಗೆ ಹೋಗಿ ಬಲೀಂದ್ರನನ್ನು "ಕೂ" ಹಾಕಿ ಕರೆಯೋ ತಮ್ಮ ತುಳುನಾಡಿನ ಕ್ರಮವನ್ನು ಹೇಳ್ತಾರೆ. ಉಳಿದದ್ದು ಕೇಳುಗರದ್ದು. ಮಲೆನಾಡಿನವರು, ಬಯಲುಸೀಮೆಯವರು, ಕಾಸರಗೋಡಿನವರು ಒಬ್ಬೊಬ್ಬರು ಐದು ನಿಮಿಷ. ಎರಡು ತಿಂಗಳು ಮೊದಲೇ ಎಂಟು ಜನರಿಗೆ "ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ" ಅಂತ ಹೇಳಿಡೋದು ಯೋಜನೆಯ ಭಾಗ. ಆ ದಿನ ಕೇಳಿದರೆ ಯಾರಿಗೂ ನೆನಪಿರಲ್ಲ.

ಈ ಕ್ರಮಕ್ಕೆ ಒಂದು ಬೆಲೆ ಇದೆ. ಆಗಸ್ಟ್‌ನಲ್ಲಿ ಬಾರದೆ ಸೆಪ್ಟೆಂಬರ್‌ಗೆ ಬಂದವರಿಗೆ ಕಥೆ ಅರ್ಧ ಅನ್ನಿಸುತ್ತೆ. ಅದಕ್ಕೆ ಹಿನ್ನೆಲೆಗೆ ಎರಡು ನಿಮಿಷ ಅಂತ ಗೊತ್ತುಮಾಡಿದ್ದೇವೆ, ಪೂರ್ತಿ ಬೇಕಾದವರಿಗೆ ಹಿಂದಿನ ವಿಡಿಯೋ. ಎರಡು ನಿಮಿಷ ಐದಾದರೆ ನಾನು ಹಿಂದಿನ ಸಾಲಿನಿಂದ ಕೈ ಎತ್ತಬಹುದು ಅಂತ ಮೇಷ್ಟ್ರೇ ಅನುಮತಿ ಕೊಟ್ಟಿದ್ದಾರೆ.

ಇದೇ ಅಳತೆಗೋಲು ರಾಮನಿಗೂ ಬಂತು. ನಮಗೆ ಚೈತ್ರದಲ್ಲಿ ರಾಮನವಮಿ, ಮಲಯಾಳಿಗಳಿಗೆ ಜುಲೈ ಮಧ್ಯದಿಂದ ಕರ್ಕಾಟಕ ಮಾಸದ ರಾಮಾಯಣ ಓದು. ಚೈತ್ರಕ್ಕೆ ಅಯೋಧ್ಯಾಕಾಂಡ, ಕರ್ಕಾಟಕಕ್ಕೆ ಕಿಷ್ಕಿಂಧೆಯ ಸುಗ್ರೀವ ಅಂತ ಮೊದಲೇ ಬೇಲಿ ಹಾಕಿದೆವು.

ಒಂದೇ ವಾರಕ್ಕೆ ಇಬ್ಬರು ಬಂದಾಗ ಮಾತ್ರ ಬೇರೆ ನಿಯಮ. ಬಸವ ಜಯಂತಿ ಅಕ್ಷಯ ತೃತೀಯದಂದು, ಶಂಕರ ಜಯಂತಿ ಪಂಚಮಿಗೆ. ಎರಡೇ ತಿಥಿಯ ಅಂತರ, ಪ್ರತಿ ವರ್ಷವೂ. ಕಳೆದ ಸಲ ಒಂದೇ ಗಂಟೆಯಲ್ಲಿ ಇಬ್ಬರನ್ನೂ ಮುಗಿಸಿದ್ದಕ್ಕೆ ಎರಡೂ ಕಡೆಯವರಿಗೆ ಬೇಜಾರಾಗಿತ್ತು, ನ್ಯಾಯವಾಗಿಯೇ. ಈ ವರ್ಷ ಏಪ್ರಿಲ್ 19 ಬಸವಣ್ಣನವರಿಗೆ ಪೂರ್ತಿ, ಏಪ್ರಿಲ್ 26 ಶಂಕರರಿಗೆ ಪೂರ್ತಿ. ಕಾಲಡಿ ಇದೇ ಎರ್ನಾಕುಳಂ ಜಿಲ್ಲೆಯಲ್ಲಿದೆ, ಅವತ್ತು ಬೆಳಿಗ್ಗೆ ಅಲ್ಲಿಗೇ ಹೋಗಿ ಬರೋದು. ಒಂದು ವಾರ ತಡವಾದರೆ ಯಾರೂ ಬೇಜಾರು ಮಾಡ್ಕೊಳಲ್ಲ, ಅರ್ಧ ಗಂಟೆಗೆ ಇಳಿಸಿದರೆ ಮಾಡ್ಕೋತಾರೆ.

ಪಟ್ಟಿ ಸುಳ್ಳು ಹೇಳಿದ್ದು

ಸ್ಪ್ರೆಡ್‌ಶೀಟಿನಲ್ಲಿ ಪುನರಾವರ್ತನೆ ಹಿಡಿಯೋಕೆ ನಾನು ಹಾಕಿದ್ದು ಸರಳ ಸೂತ್ರ. ಪ್ರಸಂಗದ ಕಾಲಂ `E` ಆದರೆ, 55 ಸಾಲಿಗೆ:

```
=COUNTIF(E$2:E$56,E2)
```

ಉತ್ತರ 1ಕ್ಕಿಂತ ಜಾಸ್ತಿ ಬಂದರೆ ಆ ಪ್ರಸಂಗ ಇನ್ನೆಲ್ಲೋ ಇದೆ ಅಂತ ಅರ್ಥ. ಕಳೆದ ವರ್ಷದ ಪಟ್ಟಿಗೆ ಹಾಕಿ ನೋಡಿದೆ, ಎಲ್ಲ ಕಡೆ 1. ಯಾಕಂದ್ರೆ ಒಂದು ಸಾಲಿನಲ್ಲಿ "ಬಲಿ" ಅಂತ ಇತ್ತು, ಇನ್ನೊಂದರಲ್ಲಿ "ವಾಮನ", ಮೂರನೆಯದರಲ್ಲಿ "ತ್ರಿವಿಕ್ರಮ". ನಮಗೆ ಒಂದೇ ಕಥೆ, ಯಂತ್ರಕ್ಕೆ ಮೂರು. ಹೆಸರು ಬಿಟ್ಟು ಗ್ರಂಥದ ಸ್ಥಳ ಬರೆದ ಮೇಲೆ ಸರಿಹೋಯ್ತು. ಭಾಗವತ ಎಂಟನೇ ಸ್ಕಂಧದ ಬಲಿ ಪ್ರಸಂಗಕ್ಕೆಲ್ಲ `BHA-8-15`, ಅಂದ್ರೆ ಪ್ರಸಂಗ ಶುರುವಾಗೋ ಅಧ್ಯಾಯದ ಸಂಖ್ಯೆ. ಈಗ ಮೂರೂ ಕಡೆ 3 ಅಂತ ಬರುತ್ತೆ. ಬಂದಾಗ ಆ ಸಾಲುಗಳ ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಅದನ್ನು ಸೂತ್ರ ಮಾಡಲ್ಲ, ನಾವೇ ಮಾಡಬೇಕು.

ಆದರೆ ಇದರಿಂದಲೂ ತಪ್ಪಿಸಿಕೊಳ್ಳೋದು ಉಪಕಥೆ. ಮುಖ್ಯ ವಿಷಯ ಬೇರೆ ಬೇರೆ ಇದ್ದರೂ, ಉದಾಹರಣೆಗೆ ಅಂತ ಹೇಳೋ ಕಥೆ ಪ್ರತಿಯೊಬ್ಬ ಪ್ರವಚನಕಾರನಿಗೂ ಹತ್ತೋ ಹನ್ನೆರಡೋ ಇರ್ತವೆ, ಕೈಗೆ ಸಿಗೋದು ಅವೇ. ಕೇಳುವವನಿಗೆ "ಇದು ಕೇಳಿದ ಹಾಗಿದೆಯಲ್ಲ" ಅನ್ನಿಸೋದು ಹೆಚ್ಚಾಗಿ ಅಲ್ಲೇ. ಇದನ್ನು ಮೊದಲೇ ಯೋಜಿಸೋಕೆ ಆಗಲ್ಲ, ಮಾತಿನ ಓಟದಲ್ಲಿ ಬರುತ್ತೆ. ಆದರೆ ನಮ್ಮಲ್ಲಿ ಪ್ರತಿ ಪ್ರವಚನದ ಬರಹ ರೂಪ ಇದೆಯಲ್ಲ, ಇದೇ ನೀವು ಓದ್ತಿರೋ ಪುಟಗಳು. ಒಂದು ರಾತ್ರಿ ಕೂತು ಕಳೆದ ವರ್ಷದ ಎಲ್ಲದರಲ್ಲೂ ಹುಡುಕಿ ಎಣಿಸಿದೆ. ಪ್ರಹ್ಲಾದ ಹನ್ನೊಂದು ಪ್ರವಚನಗಳಲ್ಲಿ ಬಂದಿದ್ದ. ಹಿರಣ್ಯಕಶಿಪುವಿಗೆ ಸಂಬಂಧವೇ ಇಲ್ಲದ ಯುಗಾದಿ ಪ್ರವಚನದಲ್ಲೂ ಬಂದಿದ್ದ.

ಇದನ್ನು ಮೇಷ್ಟ್ರಿಗೆ ಹೇಗೆ ಹೇಳೋದು ಅಂತ ಎರಡು ವಾರ ಸುಮ್ಮನಿದ್ದೆ. ಪಟ್ಟಿಯ ಮಾತು ಮೊದಲು ಎತ್ತಿದಾಗಲೇ ಅವರಿಗೆ ನೋವಾಗಿತ್ತು. "ಮಾರಾಯ, ಇಷ್ಟು ವರ್ಷ ಪಾಠ ಮಾಡಿದ್ದು ನಾನು ಕೋಷ್ಟಕ ನೋಡಿ ಅಲ್ಲ" ಅಂದಿದ್ದರು. ಕೊನೆಗೆ ಏನೂ ಹೇಳದೆ ಆ ಹನ್ನೊಂದು ಸಾಲು ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ಆಮೇಲೆ, "ಈ ಹುಡುಗನನ್ನು ಅವನಪ್ಪನಿಗಿಂತ ಜಾಸ್ತಿ ನಾನೇ ಗೋಳು ಹೊಯ್ಕೊಂಡಿದ್ದೇನೆ" ಅಂತ ನಕ್ಕುಬಿಟ್ಟರು. ಈಗ ಅವರ ಜೇಬಿನಲ್ಲಿ ಒಂದು ಚೀಟಿ ಇರುತ್ತೆ, ಹಿಂದಿನ ಮೂರು ತಿಂಗಳಲ್ಲಿ ಹೇಳಿದ ಉಪಕಥೆಗಳದ್ದು. ಬರೆಯೋದು ಅವರೇ.

ಮುಂದಿನ ಓಣಂಗೆ ಏನು?

ಒಂದು ವರ್ಷ ಸರಿಹೋದರೂ ಮುಂದಿನ ವರ್ಷ ಅದೇ ಹಬ್ಬ, ಅದೇ ಬಲಿ. ಇದಕ್ಕೆ ದಾರಿ ತೋರಿಸಿದ್ದು ನನ್ನ ಪಕ್ಕದ ಸೀಟಿನ ಸಹೋದ್ಯೋಗಿ, ಲ್ಯಾಟಿನ್ ಕ್ಯಾಥೊಲಿಕರು. ಅವರ ಚರ್ಚಿನಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರ್ತವೆ. ಒಂದು ವರ್ಷ ಮುಖ್ಯವಾಗಿ ಮತ್ತಾಯ, ಮರುವರ್ಷ ಮಾರ್ಕ, ಮೂರನೇ ವರ್ಷ ಲೂಕ. 1969ರಲ್ಲಿ ಗೊತ್ತುಮಾಡಿದ ಕ್ರಮ. ಹಬ್ಬ ಅದೇ, ಅದನ್ನು ನೋಡೋ ಕಿಟಕಿ ಬೇರೆ.

ಹಾಗಾಗಿ ನಮ್ಮ ಪಟ್ಟಿಯಲ್ಲಿ ಈಗ ಪ್ರತಿ ಹಬ್ಬದ ಮುಂದೆ ಮೂರು ಪ್ರಶ್ನೆಯ ಜಾಗ ಇದೆ, ಮೂರು ವರ್ಷಕ್ಕೆ. ಓಣಂನ ಎರಡನೇ ಜಾಗದಲ್ಲಿ ಮೇಷ್ಟ್ರು ಬರೆದಿದ್ದಾರೆ: ಬಲಿಯ ಹೆಂಡತಿ ವಿಂಧ್ಯಾವಳಿ ಅವತ್ತು ಏನು ಹೇಳಿದಳು? ಇಪ್ಪತ್ತೆರಡನೇ ಅಧ್ಯಾಯದಲ್ಲಿ ಗಂಡ ಪಾಶದಲ್ಲಿ ಬಂಧಿಯಾಗಿ ನಿಂತಾಗ ಅವಳು ಮಾತಾಡ್ತಾಳೆ, ನಾವ್ಯಾರೂ ಗಮನಿಸಿಲ್ಲ. ಮೂರನೇ ಜಾಗ ಸದ್ಯ ಖಾಲಿ.

ಅಂದಹಾಗೆ, ನವೆಂಬರ್ 1ಕ್ಕೆ ಮಾತಾಡೋ ಎಂಟು ಜನರಲ್ಲಿ ಒಂದು ಹೆಸರು ಈಗಲೇ ಬಂದಿದೆ. ಮುಂದಿನ ಸಾಲಿನ ಆ ಹುಡುಗಿ. ಶಿರಸಿಯ ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡು, ಬರೆದುಕೊಂಡು ಬರ್ತಾಳಂತೆ. ಕನ್ನಡದಲ್ಲಿ.

ಪಟ್ಟಿಯ ಖಾಲಿ ನಮೂನೆ ಬೇಕಾದವರು ಕೇಳಿ, ಕಳಿಸ್ತೀನಿ. ತಾರೀಕು ಮಾತ್ರ ನೀವೇ ಪಂಚಾಂಗ ನೋಡಿ ತುಂಬಿಕೊಳ್ಳಿ. ಮುಂದಿನ ಭಾನುವಾರ ಸಿಗೋಣ.